ಶುಕ್ರವಾರದ ಊಟಕ್ಕೆ ಎಷ್ಟು ಎಲೆ?

ಟೀಮಿನಲ್ಲಿ 24 ಜನ. ಶುಕ್ರವಾರ ಮಧ್ಯಾಹ್ನ ಹೋಟೆಲಿನಲ್ಲಿ ಊಟ. ಲೆಕ್ಕ ಗುರುವಾರ ಸಂಜೆಯೊಳಗೆ ಬೇಕು ಎಂದಿದ್ದಾರೆ ಹೋಟೆಲಿನವರು. ‘ಯಾರ್‍ಯಾರು ಬರ್ತೀರಿ, ಏನು ತಿಂತೀರಿ ತಿಳಿಸಿ’ ಎಂದು ಮೇಲ್ ಹಾಕಿದರೆ ‘ನೋಡೋಣ’, ‘ಏನಾದ್ರೂ ಓಕೆ’ ಎಂಬ ಉತ್ತರಗಳೇ ಬರುತ್ತವೆ. ಅದರಿಂದ ಎಲೆ ಎಣಿಸಲಾಗದು.

ಒಂದೇ ಅಂಕಿಯಲ್ಲಿ ಉತ್ತರಿಸುವಂತೆ ಕೇಳಿ:

‘ಶುಕ್ರವಾರ 1 ಗಂಟೆಗೆ ಟೀಮ್ ಊಟ. ಬುಧವಾರ ಸಂಜೆ 4ರೊಳಗೆ ನನಗೊಬ್ಬರಿಗೇ ಒಂದು ಅಂಕಿ ಕಳಿಸಿ. 1: ವೆಜ್. 2: ನಾನ್‌ವೆಜ್. 3: ಜೈನ್ ಊಟ. 4: ಬರುವುದಿಲ್ಲ. ಅಲರ್ಜಿಯಿದ್ದರೆ ಪಕ್ಕದಲ್ಲೇ ಬರೆಯಿರಿ. ಉತ್ತರ ಬರದಿದ್ದರೆ 4 ಎಂದುಕೊಳ್ಳುವೆ.’

ಗಡುವು ಬುಧವಾರಕ್ಕೇ ಇದೆ. ಮರೆತವರನ್ನು ವಿಚಾರಿಸಲು ಗುರುವಾರ ಕೈಯಲ್ಲಿರುತ್ತದೆ. 19 ಉತ್ತರ ಬಂದವು ಎನ್ನಿ: ವೆಜ್ 11, ನಾನ್‌ವೆಜ್ 5, ಜೈನ್ 2, ಬಾರದವರು 1. ಉಳಿದ ಐವರಲ್ಲಿ ಇಬ್ಬರು ಗುರುವಾರ ಬೆಳಿಗ್ಗೆ ‘ವೆಜ್’ ಎಂದರು. ಹೋಟೆಲಿಗೆ ಹೇಳಬೇಕಾದದ್ದು 20 ಎಲೆ.

ಎಡವುವುದು ‘ವೆಜ್’ ಎಂಬ ಪದದಲ್ಲಿ. ಒಬ್ಬರ ವೆಜ್‌ನಲ್ಲಿ ಮೊಟ್ಟೆ ನಡೆಯುತ್ತದೆ, ಇನ್ನೊಬ್ಬರಿಗೆ ಮೊಟ್ಟೆ ಹಾಕಿದ ಕೇಕೂ ಆಗದು. ಜೈನ್ ಊಟವೆಂದರೆ ಈರುಳ್ಳಿ, ಬೆಳ್ಳುಳ್ಳಿ ಮಾತ್ರವಲ್ಲ, ಆಲೂಗಡ್ಡೆ, ಕ್ಯಾರೆಟ್ಟೂ ಇರಬಾರದು. ಆದ್ದರಿಂದ ಹೋಟೆಲಿಗೆ ಹೆಸರು ಹೇಳಿ ಸುಮ್ಮನಾಗದೆ, ಏನು ಹಾಕಬಾರದು ಎಂಬುದನ್ನೂ ಬಿಡಿಸಿ ಹೇಳಿ.

ಕಡಲೆಕಾಯಿ ಅಲರ್ಜಿಯಂಥದ್ದು ಲೆಕ್ಕದ ಪಟ್ಟಿಯಲ್ಲಿ ಕಳೆದುಹೋಗಬಾರದು. ಅದನ್ನು ಫೋನ್ ಮಾಡಿಯೇ ತಿಳಿಸಬೇಕು. ಚಟ್ನಿಯಲ್ಲಿ ಕಡಲೆಕಾಯಿ ಇರುವುದು ಕಣ್ಣಿಗೆ ಕಾಣುವುದಿಲ್ಲ.