‘ಹ್ಯಾಡ್ ಬೆಟರ್’ ಮುಂದೆ ಯಾವ ಕ್ರಿಯಾರೂಪ?

ಇಂಗ್ಲಿಷ್ ಪ್ರಶ್ನೆಪತ್ರಿಕೆಯ ‘ಬಿಟ್ಟ ಸ್ಥಳ ತುಂಬಿ’ ಭಾಗದಲ್ಲಿ ಹ್ಯಾಡ್ ಬೆಟರ್, ವುಡ್ ರಾದರ್, ಪ್ರಿಫರ್, ವುಡ್ ಪ್ರಿಫರ್ ಎಂಬ ನಾಲ್ಕು ಪ್ರಯೋಗಗಳು ಒಟ್ಟೊಟ್ಟಿಗೆ ಬರುತ್ತವೆ. ಮೊದಲನೆಯದು ಸಲಹೆ, ಉಳಿದವು ಆಯ್ಕೆ ಅಥವಾ ಇಷ್ಟ. ಅರ್ಥ ಹತ್ತಿರವಿದ್ದರೂ ಪ್ರತಿಯೊಂದೂ ತನ್ನ ಮುಂದಿನ ಕ್ರಿಯಾಪದದಿಂದ ಬೇರೆ ಬೇರೆ ರೂಪವನ್ನು ಬೇಡುತ್ತದೆ. ಅಂಕ ಸಿಗುವುದೂ ಹೋಗುವುದೂ ಅಲ್ಲೇ.

ಹ್ಯಾಡ್ ಬೆಟರ್ ಮುಂದೆ ಕ್ರಿಯಾಪದದ ಮೂಲರೂಪವೇ ಬರಬೇಕು: ‘ವಿ ಹ್ಯಾಡ್ ಬೆಟರ್ ಲೀವ್ ನೌ’. ಲೀವ್ ಹಿಂದೆ ‘ಟು’ ಇಲ್ಲ, ಕೊನೆಯಲ್ಲಿ ‘ಇಂಗ್’ ಇಲ್ಲ. ಹ್ಯಾಡ್ ನೋಡಿದ ಕೂಡಲೇ ಅನೇಕರು ‘ಲೆಫ್ಟ್’ ಎಂದು ತುಂಬುತ್ತಾರೆ. ಆದರೆ ಈ ಮಾತು ನಡೆದುಹೋದದ್ದರ ಬಗ್ಗೆ ಅಲ್ಲ, ಈಗ ಅಥವಾ ಇನ್ನು ಮುಂದೆ ಮಾಡಬೇಕಾದ್ದರ ಬಗ್ಗೆ. ಮಾಡದಿದ್ದರೆ ತೊಂದರೆಯಾದೀತು ಎಂಬ ಎಚ್ಚರಿಕೆಯೂ ಇದರಲ್ಲಿದೆ. ನಿಷೇಧ ಮಾಡುವಾಗ ‘ನಾಟ್’ ಬೆಟರ್ ಆದ ಮೇಲೆ ಬರುತ್ತದೆ: ‘ಯೂ ಹ್ಯಾಡ್ ಬೆಟರ್ ನಾಟ್ ಟಚ್ ದಟ್ ವೈರ್’.

ವುಡ್ ರಾದರ್ ಸ್ವಲ್ಪ ಆಳವಾದದ್ದು, ಅದಕ್ಕೆ ಎರಡು ದಾರಿಗಳಿವೆ. ಇಷ್ಟಪಡುವವರೂ ಕೆಲಸ ಮಾಡುವವರೂ ಒಬ್ಬರೇ ಆದರೆ ಇಲ್ಲಿಯೂ ಮೂಲರೂಪವೇ: ‘ಐ ವುಡ್ ರಾದರ್ ಸ್ಟೇ ದ್ಯಾನ್ ಗೋ ಔಟ್’. ‘ದ್ಯಾನ್’ ಆಚೆಗೂ ಮೂಲರೂಪ ಬಂದಿರುವುದನ್ನು ಗಮನಿಸಬೇಕು. ಕನ್ನಡದಲ್ಲಿ ‘ಹೋಗುವುದಕ್ಕಿಂತ ಇರುವುದೇ ಮೇಲು’ ಎಂದು ಯೋಚಿಸುವವರ ಕೈ ತಾನಾಗಿಯೇ ‘ಗೋಯಿಂಗ್’ ಎಂದು ಬರೆದುಬಿಡುತ್ತದೆ.

ಇಷ್ಟ ಒಬ್ಬರದು, ಕೆಲಸ ಇನ್ನೊಬ್ಬರದು ಆದಾಗ ಎರಡನೆಯ ದಾರಿ. ರಾದರ್ ಆದ ಮೇಲೆ ಇನ್ನೊಬ್ಬರನ್ನು ಹೇಳುವ ಪದ ಬಂತೆಂದರೆ ಕ್ರಿಯಾಪದ ಭೂತಕಾಲಕ್ಕೆ ಹೋಗುತ್ತದೆ: ‘ಐ ವುಡ್ ರಾದರ್ ಯೂ ಕೇಮ್ ಟುಮಾರೋ’. ನಾಳೆ ಬರುವುದಕ್ಕೆ ‘ಕೇಮ್’ ಏಕೆ ಎಂಬುದು ವಿದ್ಯಾರ್ಥಿಗಳ ನ್ಯಾಯವಾದ ಪ್ರಶ್ನೆ. ಇಲ್ಲಿ ಆ ರೂಪ ಕಾಲವನ್ನು ಹೇಳುತ್ತಿಲ್ಲ, ಇನ್ನೂ ಆಗದ, ಬರೀ ಬಯಸಿದ ಸಂಗತಿಯನ್ನು ಹೇಳುತ್ತಿದೆ. ಕನ್ನಡಿಗರಿಗೆ ಇದು ಅಷ್ಟೇನೂ ಹೊಸದಲ್ಲ. ‘ನೀನು ನಾಳೆ ಬಂದರೆ ಒಳ್ಳೆಯದು’ ಎನ್ನುವಾಗಲೂ ‘ಬಂದರೆ’ ಎಂಬುದು ‘ಬಂದ’ ಎಂಬ ಭೂತರೂಪದ ಮೇಲೆಯೇ ನಿಂತಿದೆ, ಮಾತು ಮಾತ್ರ ನಾಳೆಯದು. ನಿಜವಾಗಿಯೂ ಮುಗಿದುಹೋದ ಸಂಗತಿಯಾದರೆ ‘ಹ್ಯಾಡ್’ ಸೇರಿಸಬೇಕು: ‘ಐ ವುಡ್ ರಾದರ್ ಯೂ ಹ್ಯಾಡ್ ಕಮ್ ಯೆಸ್ಟರ್‌ಡೇ’.

ಪ್ರಿಫರ್ ಸಾಮಾನ್ಯವಾಗಿ ಯಾವಾಗಲೂ ಇರುವ ಇಷ್ಟವನ್ನು ಹೇಳುತ್ತದೆ. ಎರಡು ಕೆಲಸಗಳನ್ನು ಹೋಲಿಸುವಾಗ ಎರಡೂ ಕಡೆ ‘ಇಂಗ್’ ರೂಪ, ನಡುವೆ ‘ಟು’: ‘ಶಿ ಪ್ರಿಫರ್ಸ್ ರೀಡಿಂಗ್ ಟು ವಾಚಿಂಗ್ ಟಿವಿ’. ಈ ‘ಟು’ ‘ಅದಕ್ಕಿಂತ’ ಎನ್ನುವ ಅರ್ಥದ್ದು, ಆದ್ದರಿಂದ ಅದರ ಮುಂದೆ ‘ವಾಚ್’ ಎಂದು ಮೂಲರೂಪ ಬರೆದರೆ ತಪ್ಪು. ಹೋಲಿಕೆಯಿಲ್ಲದೆ ‘ಶಿ ಪ್ರಿಫರ್ಸ್ ಟು ರೀಡ್’ ಎಂದರೂ ಸರಿಯೇ.

ವುಡ್ ಪ್ರಿಫರ್ ಈ ಹೊತ್ತಿನ, ಈ ಸಂದರ್ಭದ ಆಯ್ಕೆ. ಇದರ ಮುಂದೆ ‘ಟು’ ಸಹಿತ ಕ್ರಿಯಾಪದ: ‘ಐ ವುಡ್ ಪ್ರಿಫರ್ ಟು ವೇಟ್ ಹಿಯರ್’. ಇನ್ನೊಬ್ಬರು ಮಾಡಬೇಕಾದ ಕೆಲಸವಾದರೂ ‘ಟು’ ಬಿಡುವುದಿಲ್ಲ: ‘ಐ ವುಡ್ ಪ್ರಿಫರ್ ಯೂ ಟು ವೇಟ್’. ಹೋಲಿಸುವಾಗ ‘ರಾದರ್ ದ್ಯಾನ್’ ಸೇರಿ ಅದರಾಚೆ ಮೂಲರೂಪ ಬರುತ್ತದೆ: ‘ಐ ವುಡ್ ಪ್ರಿಫರ್ ಟು ವೇಟ್ ರಾದರ್ ದ್ಯಾನ್ ಗೋ’.

ಪರೀಕ್ಷೆಯಲ್ಲಿ ಹೆಚ್ಚು ಕಾಡುವುದು ಹ್ಯಾಡ್ ಮತ್ತು ವುಡ್ ಎರಡೂ ‘ಡ್’ ಎಂಬ ಒಂದೇ ಮೊಟಕು ರೂಪಕ್ಕೆ ಇಳಿಯುವುದು. ಒಂದು ಪ್ರಶ್ನೆ ಹೀಗಿದೆ ಎನ್ನೋಣ: ‘ಐ’ಡ್ ರಾದರ್ ಯೂ ____ ಹರ್ ಎಬೌಟ್ ದಿಸ್’. ಆಯ್ಕೆಗಳು ‘ನಾಟ್ ಟೆಲ್’, ‘ನಾಟ್ ಟು ಟೆಲ್’, ‘ಡಿಡಂಟ್ ಟೆಲ್’. ರಾದರ್ ಇರುವುದರಿಂದ ‘ಡ್’ ಎಂದರೆ ವುಡ್. ಅದರ ಮುಂದೆ ‘ಯೂ’ ಇದೆ, ಅಂದರೆ ಹೇಳದಿರಬೇಕಾದವರು ಬೇರೆಯವರು. ಹಾಗಾಗಿ ಭೂತರೂಪ ಬೇಕು, ಉತ್ತರ ‘ಡಿಡಂಟ್ ಟೆಲ್’. ಅದೇ ವಾಕ್ಯದಿಂದ ‘ಯೂ’ ತೆಗೆದರೆ ‘ನಾಟ್ ಟೆಲ್’ ಸರಿಯಾಗುತ್ತದೆ. ‘ಯೂ’ ಹಾಗೆಯೇ ಉಳಿಸಿ ರಾದರ್ ಜಾಗದಲ್ಲಿ ಪ್ರಿಫರ್ ಇಟ್ಟರೆ ‘ನಾಟ್ ಟು ಟೆಲ್’ ಸರಿ. ‘ಯೂ’ ತೆಗೆದು ‘ಡ್’ ಮುಂದೆ ಬೆಟರ್ ಬಂದರೆ ಆ ‘ಡ್’ ಹ್ಯಾಡ್ ಆಗುತ್ತದೆ, ಉತ್ತರ ಮತ್ತೆ ‘ನಾಟ್ ಟೆಲ್’.