ಸೊಂಟ ಹಿಡಿದಾಗ ಮೆಡಿಕಲ್ ಅಂಗಡಿಯ ಮಾತ್ರೆ ನುಂಗಬಹುದೇ?

ಪ್ರಶ್ನೆ: ಆಳಂದ, ಅಫಜಲಪುರ, ಜೇವರ್ಗಿ ಕಡೆ ತೊಗರಿ ಚೀಲ ಎತ್ತಿ ಸೊಂಟ ಹಿಡಿದರೆ ಮೆಡಿಕಲ್‌ನಲ್ಲಿ ಮಾತ್ರೆ ಕೇಳಿ ನುಂಗುತ್ತೇವೆ. ಇದು ಸರಿಯೇ?

ಉತ್ತರ: ಎರಡು ಮೂರು ದಿನದ ಮಟ್ಟಿಗೆ ಸರಿ. ಆದರೆ ಯಾವ ಮಾತ್ರೆ ಎಂಬುದು ಮುಖ್ಯ. ಆರೋಗ್ಯವಂತ ವಯಸ್ಕರು ಮೊದಲು ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಒಂದು ಮಾತ್ರೆ ತೆಗೆದುಕೊಳ್ಳಲಿ. ನೋವಿದ್ದರೆ ಆರು ಗಂಟೆ ಬಿಟ್ಟು ಇನ್ನೊಂದು. ಯಕೃತ್ತಿನ ತೊಂದರೆ ಇರುವವರು, ದಿನಾ ಕುಡಿಯುವವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಅಂಗಡಿಯವರು ಬಿಡಿಯಾಗಿ ಕತ್ತರಿಸಿ ಕೊಡುವ ‘ನೋವಿನ ಗುಳಿಗೆ’ಯಲ್ಲಿ ಎಷ್ಟೋ ಸಲ ಡೈಕ್ಲೋಫೆನಾಕ್ ಅಥವಾ ಅಸೆಕ್ಲೋಫೆನಾಕ್ ಜೊತೆ ಪ್ಯಾರಾಸಿಟಮಾಲ್ ಕೂಡ ಸೇರಿರುತ್ತದೆ. ಅದರ ಮೇಲೆ ಜ್ವರದ ಮಾತ್ರೆ ನುಂಗಿದರೆ ಒಂದೇ ಔಷಧ ಎರಡು ಪಾಲಾಗುತ್ತದೆ. ಪಟ್ಟಿಯ ಹಿಂಬದಿಯ ಹೆಸರು ಓದಿಸಿಕೊಳ್ಳಿ.

ನನಗೆ ಹೆಚ್ಚು ಭಯವಿರುವುದು ನಮ್ಮ ಬೇಸಿಗೆಯದು. ಬಿಸಿಲು 40 ಡಿಗ್ರಿ ದಾಟಿದಾಗ ಮೈ ನೀರು ಬತ್ತುತ್ತದೆ, ಮೂತ್ರಪಿಂಡಕ್ಕೆ ರಕ್ತ ಕಡಿಮೆಯಾಗುತ್ತದೆ. ಆಗ ರಕ್ತನಾಳವನ್ನು ಅಗಲವಾಗಿಡುವ ವಸ್ತುವನ್ನೇ ಡೈಕ್ಲೋಫೆನಾಕ್, ಐಬುಪ್ರೊಫೇನ್ ತಡೆಯುತ್ತವೆ. ಬಿಪಿ ಮಾತ್ರೆ ನುಂಗುವವರು, ಕಿಡ್ನಿ, ಹೃದಯ ಅಥವಾ ಹೊಟ್ಟೆಹುಣ್ಣಿನ ತೊಂದರೆಯವರು, ಗರ್ಭಿಣಿಯರು ಇವನ್ನು ತಾವಾಗಿ ನುಂಗಲೇಬಾರದು. ಡೆಂಗಿ ಶಂಕೆಯ ಜ್ವರದ ಮೈಕೈ ನೋವಿಗೂ ಬೇಡ, ರಕ್ತಸ್ರಾವದ ಅಪಾಯವಿದೆ. ಸೊಂಟ ನೋವಿಗೆ ಗಾಯವಿಲ್ಲದ ಚರ್ಮಕ್ಕೆ ನೋವಿನ ಮುಲಾಮು ಹಚ್ಚುವುದು ಈ ಮಾತ್ರೆಗಳಿಗಿಂತ ಸುರಕ್ಷಿತ.

ದುಡಿದ ಮರುದಿನ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ಮಲ ಡಾಂಬರಿನಂತಾದರೆ, ಕಾಲು ಜೋಮು ಹಿಡಿದು ಬಲ ಕುಂದಿದರೆ ಮಾತ್ರೆ ನಿಲ್ಲಿಸಿ, ಅಂದೇ ತಾಲ್ಲೂಕು ಆಸ್ಪತ್ರೆಗೆ ಹೋಗಿ.