ಪುಟದ ತಲೆಗೊಂದು ಸಾಲು

‘ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ.’ ನಾಲ್ಕೇ ಪದಗಳ ಈ ಗಾದೆ ದಿನಚರಿ ಪುಸ್ತಕದ ಒಂದು ಗೆರೆಯಲ್ಲಿ ಸಲೀಸಾಗಿ ಕೂರುತ್ತದೆ. ಓದಿದ ಕೂಡಲೇ ‘ನನಗೆ ಇಂದು ಉಪ್ಪಿಟ್ಟವರು ಯಾರು?’ ಎಂದು ಮನಸ್ಸು ಹುಡುಕತೊಡಗುತ್ತದೆ. ಅದೇ ಜಾಗದಲ್ಲಿ ‘ಬದುಕು ಕೊಟ್ಟ ಎಲ್ಲಕ್ಕೂ ನಾನು ಋಣಿ’ ಎಂದು ಬರೆದು ನೋಡಿ. ಮಾತು ಚೆನ್ನಾಗಿದೆ, ಆದರೆ ಕೆಳಗೆ ಬರೆಯಲು ಏನೂ ಉಳಿಯುವುದಿಲ್ಲ. ಪುಟದ ತಲೆಯ ಸಾಲು ಹುಡುಕಾಟ ಹಚ್ಚಬೇಕು, ತೀರ್ಮಾನ ಹೇಳಬಾರದು.

ಅಮೆರಿಕದ ಮನೋವಿಜ್ಞಾನಿಗಳಾದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲ್ಲೊ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕೆಲವರು ವಾರಕ್ಕೊಮ್ಮೆ ತಾವು ಕೃತಜ್ಞರಾಗಿರುವ ಐದು ಸಂಗತಿಗಳವರೆಗೆ ಬರೆದರು. ಇನ್ನು ಕೆಲವರು ಕಿರಿಕಿರಿಗಳನ್ನು ಬರೆದರು. ಹತ್ತು ವಾರಗಳಲ್ಲಿ ಮೊದಲಿನವರಿಗೆ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನವಿತ್ತು. ಮುಂದೆ ಸೋನ್ಯಾ ಲ್ಯುಬೊಮಿರ್ಸ್ಕಿ ಮತ್ತು ಸಂಗಡಿಗರು ಆರು ವಾರ ನಡೆಸಿದ ಪ್ರಯೋಗದಲ್ಲಿ, ವಾರಕ್ಕೊಮ್ಮೆ ಬರೆದವರಿಗೆ ಲಾಭ ಕಂಡಿತು, ವಾರಕ್ಕೆ ಮೂರು ಸಲ ಬರೆದವರಿಗೆ ಕಾಣಲಿಲ್ಲ. ಪದೇ ಪದೇ ಮಾಡಿದರೆ ಅಭ್ಯಾಸ ಸಪ್ಪೆಯಾಗುತ್ತದೆ ಎಂಬುದು ಅವರ ಊಹೆ. ದಿನವೂ ಬರೆಯುವವರು ತಲೆಸಾಲನ್ನು ಬದಲಿಸುತ್ತಿರಬೇಕಾದದ್ದು ಇದಕ್ಕಾಗಿಯೇ.

ಬದಲಿಸುವುದೆಂದರೆ ಪದ ಬದಲಿಸುವುದಲ್ಲ, ನೋಟದ ದಿಕ್ಕನ್ನು ತಿರುಗಿಸುವುದು. ‘ಕೇಳದೆಯೇ ಕೊಟ್ಟವರು ಯಾರು?’ ಎಂಬುದು ಮನುಷ್ಯರ ಕಡೆ ತಿರುಗಿಸುತ್ತದೆ. ‘ಈ ತುತ್ತಿನ ಹಿಂದೆ ಎಷ್ಟು ಕೈ?’ ಎಂಬುದು ಕಾಣದ ದುಡಿಮೆಯ ಕಡೆಗೆ. ‘ಕೆಡದೆ ನಡೆದದ್ದೂ ಕೊಡುಗೆಯೇ’ ಎಂಬುದು ಸಮಯಕ್ಕೆ ಬಂದ ಬಸ್ಸು, ನಲ್ಲಿಯ ನೀರುಗಳ ಕಡೆಗೆ. ‘ಇದು ಇಲ್ಲದಿದ್ದರೆ?’ ಎಂಬ ಎರಡೇ ಪದಗಳ ಸಾಲೂ ಸಾಕು. ಸಿಕ್ಕಿದ ಒಳ್ಳೆಯದು ಸಿಗದೇ ಹೋಗಿದ್ದರೆ ಎಂದು ಊಹಿಸಿ ಬರೆಯುವುದು, ಅದು ಸಿಕ್ಕಿತೆಂದು ಸುಮ್ಮನೆ ಬರೆಯುವುದಕ್ಕಿಂತ ಹೆಚ್ಚು ಹಿತ ಕೊಡುತ್ತದೆ ಎಂದು 2008ರ ಅಧ್ಯಯನವೊಂದು ತೋರಿಸಿದೆ.

ಒಂದು ಪುಟವನ್ನೇ ನೋಡೋಣ. ತಲೆಸಾಲು: ‘ಕೇಳದೆಯೇ ಕೊಟ್ಟವರು ಯಾರು?’ ಕೆಳಗೆ ‘ಅಂಗಡಿಯವರು ಒಳ್ಳೆಯವರು’ ಎಂದು ಬರೆದರೆ ಅರ್ಧವಷ್ಟೇ ಆಯಿತು. ‘ಮಳೆಯಲ್ಲಿ ನೆನೆದು ನಿಂತಿದ್ದೆ. ಅಂಗಡಿಯವರು ತಾವು ಕೂತಿದ್ದ ಸ್ಟೂಲನ್ನೇ ಸರಿಸಿ ಕೊಟ್ಟರು. ನಾನು ಏನನ್ನೂ ಕೊಳ್ಳುವವಳಲ್ಲ ಎಂದು ಅವರಿಗೆ ಗೊತ್ತಿತ್ತು.’ ಇಲ್ಲಿ ಯಾರು, ಏನು ಎಂಬುದರ ಜೊತೆಗೆ, ಅವರು ಕೊಡಬೇಕಾಗಿರಲಿಲ್ಲ ಎಂಬುದೂ ಬಂದಿದೆ. ಕೃತಜ್ಞತೆಗೆ ತೂಕ ಬರುವುದು ಈ ಕೊನೆಯ ಮಾತಿನಿಂದ.

ಸಾಲು ಹಳಸಿದೆಯೇ ಎಂದು ತಿಳಿಯಲು ಹಿಂದಿನ ನಾಲ್ಕಾರು ಪುಟ ತಿರುವಿ. ತಾರೀಖು ಅದಲುಬದಲಾದರೂ ವ್ಯತ್ಯಾಸ ತಿಳಿಯದಂತಿದ್ದರೆ ಹೊಸ ಸಾಲು ಬೇಕು. ಸಾವು, ಅವಮಾನದಂಥ ದಿನಗಳಲ್ಲಿ ಸಾಲನ್ನೇ ಬಿಟ್ಟು ಆದದ್ದನ್ನು ಆದಂತೆ ಬರೆಯಿರಿ. ನೋಯಿಸಿದವರಿಗೂ ಋಣಿಯಾಗಿರು ಎಂದು ಒತ್ತಾಯಿಸುವ ಸಾಲು ಯಾವ ಪುಟಕ್ಕೂ ಬೇಡ.